ಆಯಿಲ್ ಬದಲಿಸಿದ ಮೇಲೆ ಮೈಲೇಜ್ ಇಳಿದರೆ: ಎಚ್‌ಟಿಎಚ್‌ಎಸ್ ನೋಡಿ ದೋಷ ಹುಡುಕುವ ಕ್ರಮ

ದೂರು ಹೆಚ್ಚಾಗಿ ಎರಡರಲ್ಲಿ ಒಂದು. ಸರ್ವಿಸ್ ಆಗಿ ಬಂದ ಮೇಲೆ ಗಾಡಿಯ ಮೈಲೇಜ್ ಇಳಿದಿದೆ ಎಂಬುದು ಮೊದಲನೆಯದು. ‘ಇಂಧನ ಉಳಿತಾಯ 3%’ ಎಂದು ಬರೆದ ದುಬಾರಿ ಆಯಿಲ್ ಹಾಕಿಸಿದರೂ ಏನೂ ವ್ಯತ್ಯಾಸ ಕಾಣುವುದಿಲ್ಲ ಎಂಬುದು ಎರಡನೆಯದು. ಎರಡಕ್ಕೂ ನೋಡಬೇಕಾದ ಅಂಕಿ ಒಂದೇ, ಆದರೆ ಅದು ಡಬ್ಬದ ಮುಂಭಾಗದಲ್ಲಿ ಇರುವುದಿಲ್ಲ. ಹೈ ಟೆಂಪರೇಚರ್ ಹೈ ಶಿಯರ್ ಸ್ನಿಗ್ಧತೆ, ಚಿಕ್ಕದಾಗಿ ಎಚ್‌ಟಿಎಚ್‌ಎಸ್, ಎಂದು ಅದರ ಹೆಸರು. ಆಯಿಲಿನ ಪಾಲು ಎಷ್ಟು, ಬೇರೆ ದೋಷಗಳ ಪಾಲು ಎಷ್ಟು ಎಂದು ಬಿಡಿಸಿ ನೋಡುವ ಕ್ರಮವನ್ನು ಒಂದು ಉದಾಹರಣೆ ಹಿಡಿದು ಹೇಳುತ್ತೇವೆ.

ಉದಾಹರಣೆಗೆ ಬದಿಯಡ್ಕ ಕಡೆಯ ಒಬ್ಬ ಶಾಲಾ ಮಾಸ್ತರರ 1.2 ಲೀಟರಿನ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ದಿನವೂ ಶಾಲೆಗೆ 6 ಕಿ.ಮೀ. ಹೋಗಿ ಬರುವುದು, ವಾರಕ್ಕೊಮ್ಮೆ ಹೈವೇ ಹಿಡಿದು ಮಂಗಳೂರು. ಮೊದಲು ಲೀಟರಿಗೆ 18.5 ಕಿ.ಮೀ. ಸಿಗುತ್ತಿತ್ತು, ಸರ್ವಿಸ್ ಆದ ಮೇಲೆ 16.4. ಕೈಪಿಡಿಯಲ್ಲಿ ಬರೆದಿರುವುದು 0ಡಬ್ಲ್ಯು-20, ಗ್ಯಾರೇಜಿನವರು ಹಾಕಿದ್ದು 15ಡಬ್ಲ್ಯು-40. ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೆಯೇ: ‘ಮಾಷ್ಟ್ರೇ, ನಮ್ಮ ಊರಿನ ಸೆಕೆಗೆ ಆ ನೀರಿನ ಹಾಗಿನ ಆಯಿಲ್ ಆಗ್ಲಿಕ್ಕಿಲ್ಲ. ಸ್ವಲ್ಪ ದಪ್ಪದ್ದೇ ಹಾಕಿದ್ದೇನೆ, ಇಂಜಿನಿಗೆ ಒಳ್ಳೆಯದು.’

ಈ ಮಾತಿನಲ್ಲಿ ಅರ್ಧ ತಪ್ಪಿದೆ. ಇಂಜಿನ್ ಬಿಸಿಯಾದ ಮೇಲೆ ಕೂಲೆಂಟಿನ ಬಿಸಿಯನ್ನು ಥರ್ಮೋಸ್ಟಾಟ್ ಕಾಯುತ್ತದೆ. ಹೊರಗೆ 22 ಡಿಗ್ರಿ ಇರಲಿ, 34 ಇರಲಿ, ಬೇರಿಂಗಿನ ಒಳಗಿನ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದರ ಮೇಲೆಯೇ ಇರುತ್ತದೆ. ಕಾಸರಗೋಡಿನ ಸೆಕೆ ಬೇರಿಂಗಿಗೆ ಅಷ್ಟಾಗಿ ತಟ್ಟುವುದಿಲ್ಲ. ತಟ್ಟುವುದು ಭಾರ ಮತ್ತು ಏರು. ಆ ವಿಷಯಕ್ಕೆ ಕೊನೆಯಲ್ಲಿ ಬರೋಣ.

ಎಚ್‌ಟಿಎಚ್‌ಎಸ್ ಅಳೆಯುವುದು ಏನನ್ನು

ಡಬ್ಬದ ಮೇಲಿನ 20, 30, 40 ಎಂಬ ಗ್ರೇಡ್ ಮುಖ್ಯವಾಗಿ ನಿಂತಿರುವುದು 100 ಡಿಗ್ರಿಯಲ್ಲಿ ಅಳೆದ ಸ್ನಿಗ್ಧತೆಯ ಮೇಲೆ. ಆ ಅಳತೆಯಲ್ಲಿ ಆಯಿಲ್ ಸಪುರ ಗಾಜಿನ ನಳಿಗೆಯಲ್ಲಿ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತದೆ. ಇಂಜಿನಿನ ಒಳಗೆ ನಡೆಯುವುದು ಬೇರೆ. ಬೇರಿಂಗಿನ ಒಳಗೆ ಕೂರುವ ಕ್ರ್ಯಾಂಕ್ ಶಾಫ್ಟಿನ ಭಾಗ, ಅಂದರೆ 45 ಮಿ.ಮೀ. ವ್ಯಾಸದ ಜರ್ನಲ್, 4000 ಆರ್‌ಪಿಎಮ್‌ನಲ್ಲಿ ತಿರುಗಿದರೆ ಅದರ ಮೇಲ್ಮೈ ಸೆಕೆಂಡಿಗೆ ಸುಮಾರು 9.4 ಮೀಟರ್ ಓಡುತ್ತದೆ. ಜರ್ನಲ್ ಮತ್ತು ಬೇರಿಂಗ್ ಶೆಲ್ಲಿನ ನಡುವೆ ಆಯಿಲ್ ಪದರ 9–10 ಮೈಕ್ರಾನಿಗೆ ಇಳಿದಲ್ಲಿ, ಒಂದು ಬದಿ ನಿಂತು ಇನ್ನೊಂದು ಬದಿ ಆ ವೇಗದಲ್ಲಿ ಎಳೆಯುತ್ತದೆ. ವೇಗವನ್ನು ಪದರದ ದಪ್ಪದಿಂದ ಭಾಗಿಸಿದರೆ ಸೆಕೆಂಡಿಗೆ ಹತ್ತು ಲಕ್ಷ ಬರುತ್ತದೆ. ಇದೇ ಶಿಯರ್ ದರ. ಎಚ್‌ಟಿಎಚ್‌ಎಸ್ ಎಂದರೆ 150 ಡಿಗ್ರಿಯಲ್ಲಿ, ಈ ಹತ್ತು ಲಕ್ಷದ ಶಿಯರ್ ದರದಲ್ಲಿ ಆಯಿಲಿಗೆ ಉಳಿದಿರುವ ಸ್ನಿಗ್ಧತೆ. ಅದರ ಮಾನ ಮಿಲಿಪಾಸ್ಕಲ್-ಸೆಕೆಂಡ್. ಕೆಲವು ಹಾಳೆಗಳಲ್ಲಿ ಸೆಂಟಿಪಾಯ್ಸ್ ಎಂದಿರುತ್ತದೆ, ಎರಡೂ ಒಂದೇ.

ಎರಡು ಅಳತೆ ಯಾಕೆ ಬೇಕಾಯಿತು ಎಂದರೆ, ಮಲ್ಟಿಗ್ರೇಡ್ ಆಯಿಲಿನ ದಪ್ಪದಲ್ಲಿ ಒಂದು ಪಾಲು ಬರುವುದು ಅದಕ್ಕೆ ಸೇರಿಸಿದ ಪಾಲಿಮರಿನಿಂದ. ಸುಮ್ಮನೆ ಬಿಟ್ಟಾಗ ಈ ಪಾಲಿಮರ್ ಹಿಂಜದ ತೆಂಗಿನ ನಾರಿನಂತೆ ಸಿಕ್ಕುಸಿಕ್ಕಾಗಿ ಉಬ್ಬಿಕೊಂಡಿರುತ್ತದೆ, ಜೋರಾಗಿ ಎಳೆದಾಗ ಒಂದೇ ದಿಕ್ಕಿಗೆ ನೆಟ್ಟಗಾಗಿ ಅಡ್ಡಿ ಕಡಿಮೆ ಮಾಡುತ್ತದೆ. ಹಾಗಾಗಿ ನಳಿಗೆಯಲ್ಲಿ ಸಮಾನ ದಪ್ಪ ತೋರಿಸಿದ ಎರಡು ಆಯಿಲ್‌ಗಳು ಬೇರಿಂಗಿನಲ್ಲಿ ಸಮಾನವಾಗಿರಬೇಕೆಂದಿಲ್ಲ. ಬೇರಿಂಗನ್ನು ಕಾಯುವುದೂ ಈ ಉಳಿದ ಸ್ನಿಗ್ಧತೆಯೇ, ಬೇರಿಂಗಿನಲ್ಲೂ ಪಿಸ್ಟನ್ ಸ್ಕರ್ಟಿನಲ್ಲೂ ಎಳೆತ ಹುಟ್ಟಿಸಿ ಪೆಟ್ರೋಲ್ ತಿನ್ನುವುದೂ ಇದೇ. ಇಂಧನ ಉಳಿಸುವ ಆಯಿಲ್ ಮಾಡುವವರು ಈ ಅಂಕಿಯನ್ನು ಇಂಜಿನ್ ತಡೆಯುವಷ್ಟು ಕೆಳಗೆ ತರುತ್ತಾರೆ.

ಎಸ್‌ಎಇ ಜೆ300 ಎಂಬ ಮಾನಕ ಪ್ರತಿ ಗ್ರೇಡಿಗೂ ಇದರ ಕನಿಷ್ಠ ಮಿತಿಯನ್ನು ಹಾಕಿದೆ. 16ರ ಗ್ರೇಡಿಗೆ 2.3, 20ಕ್ಕೆ 2.6, 30ಕ್ಕೆ 2.9. 40ರಲ್ಲಿ ಎರಡು ಮಿತಿ: 0ಡಬ್ಲ್ಯು, 5ಡಬ್ಲ್ಯು, 10ಡಬ್ಲ್ಯು ಸೇರಿದ 40ಕ್ಕೆ 3.5, 15ಡಬ್ಲ್ಯು-40 ಮತ್ತು ಅದಕ್ಕಿಂತ ಮೇಲಿನವಕ್ಕೆ 3.7. ಇದು ಬರೀ ಕನಿಷ್ಠ, ಗರಿಷ್ಠ ಮಿತಿ ಇಲ್ಲ. ಹಾಗಾಗಿ ಒಂದೇ 5ಡಬ್ಲ್ಯು-30 ಹೆಸರಿನಲ್ಲಿ 2.9ರ ಆಯಿಲೂ ಸಿಗುತ್ತದೆ, 3.5 ದಾಟಿದ್ದೂ ಸಿಗುತ್ತದೆ. ಅಂಗಡಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಡಬ್ಬ ಓದುವುದು

ಮೊದಲ ಹೆಜ್ಜೆಗೆ ಸ್ಪ್ಯಾನರ್ ಬೇಡ. ಹಾಕಿದ ಆಯಿಲಿನ ಡಬ್ಬವನ್ನೋ ಬಿಲ್ಲನ್ನೋ ತರಿಸಿ. ಬ್ಯಾರಲಿನಿಂದ ಸುರಿದ ಲೂಸ್ ಆಯಿಲಾದರೆ ಬ್ಯಾರಲಿನ ಲೇಬಲಿನ ಫೋಟೋ ಸಾಕು. ಲೇಬಲೇ ಇಲ್ಲದಿದ್ದರೆ ಮುಂದಿನ ತರ್ಕಕ್ಕೆ ಹೋಗದೆ ಆಯಿಲನ್ನೇ ಬದಲಿಸುವುದು ಒಳ್ಳೆಯದು. ಲೇಬಲಿನಲ್ಲಿ ಹೀಗೊಂದು ಸಾಲು ಸಿಗುತ್ತದೆ:

```
SAE 5W-30   API SP   ACEA C3
```

ಗ್ರೇಡ್ ನೋಡಿ ಅಲ್ಲಿಗೇ ನಿಲ್ಲಬೇಡಿ. ಯುರೋಪಿನ ವಾಹನ ತಯಾರಕರ ಒಕ್ಕೂಟದ ಎಸಿಇಎ ಅಕ್ಷರ ಇದ್ದರೆ ಎಚ್‌ಟಿಎಚ್‌ಎಸ್ ಯಾವ ಪಟ್ಟಿಯಲ್ಲಿದೆ ಎಂದು ಅದೇ ಹೇಳುತ್ತದೆ. ಸಿ3 ಅಥವಾ ಎ3/ಬಿ4 ಎಂದಿದ್ದರೆ 3.5 ಅಥವಾ ಮೇಲೆ. ಸಿ2 ಎಂದಿದ್ದರೆ 2.9 ಅಥವಾ ಮೇಲೆ. ಎ5/ಬಿ5 ಆದರೆ 2.9ರಿಂದ 3.5ರ ಒಳಗೆ. ಸಿ5 ಎಂದರೆ 2.6ರಿಂದ 2.9, ಅಂದರೆ 20ರ ಗ್ರೇಡಿನ ಆಯಿಲ್. ಅಕ್ಷರ ಇಲ್ಲದಿದ್ದರೆ ತಯಾರಕರ ಜಾಲತಾಣದಲ್ಲಿ ಆ ಆಯಿಲಿನ ಡೇಟಾ ಶೀಟ್ ತೆರೆದು ಈ ಸಾಲನ್ನು ಹುಡುಕಿ:

```
HTHS Viscosity @150°C, mPa·s   ASTM D4683
```

ಈ ಸಾಲು ಎಲ್ಲ ಶೀಟುಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಜೆ300ರ ಕನಿಷ್ಠವನ್ನೇ ಹಿಡಿದು ಲೆಕ್ಕ ಮಾಡಬೇಕು. 100 ಡಿಗ್ರಿಯ ಅಂಕಿಯಿಂದ ಎಚ್‌ಟಿಎಚ್‌ಎಸ್ ಹೊರಡಿಸುವ ನಂಬಿಕೆಯ ಸೂತ್ರ ಇಲ್ಲ, ಪಾಲಿಮರ್ ಎಷ್ಟಿದೆ ಮತ್ತು ಯಾವ ಬಗೆಯದು ಎಂಬುದರ ಮೇಲೆ ಅದು ಬದಲಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಕೈಪಿಡಿ ಕೇಳಿದ್ದು 2.6ರ ಆಯಿಲ್, ಹಾಕಿದ್ದು 3.7 ಅಥವಾ ಅದಕ್ಕಿಂತ ಹೆಚ್ಚು. ವ್ಯತ್ಯಾಸ ಸಣ್ಣದಲ್ಲ. ಆದರೆ ಇದರಿಂದ ಮೈಲೇಜ್ ಎಷ್ಟು ಇಳಿಯಬಹುದು?

ಆಯಿಲಿನ ಪಾಲು ಎಷ್ಟು ಶೇಕಡಾ

ಮೊದಲು ಕಿ.ಮೀ. ಲೆಕ್ಕವನ್ನು ಲೀಟರಿಗೆ ತಿರುಗಿಸಬೇಕು, ಇಲ್ಲದಿದ್ದರೆ ಶೇಕಡಾ ತಪ್ಪುತ್ತದೆ. 18.5 ಎಂದರೆ ನೂರು ಕಿ.ಮೀ.ಗೆ 5.41 ಲೀಟರ್. 16.4 ಎಂದರೆ 6.10 ಲೀಟರ್. ಪೆಟ್ರೋಲ್ ಖರ್ಚು ಏರಿದ್ದು ಸುಮಾರು 13%.

ಈಗ ಆಯಿಲಿನ ಅಳತೆಗೋಲು. ಎಸಿಇಎ ಬಹುಕಾಲ ಬಳಸಿದ ಇಂಧನ ಪರೀಕ್ಷೆ ಮರ್ಸಿಡಿಸ್‌ನ ಎಮ್111 ಪೆಟ್ರೋಲ್ ಇಂಜಿನಿನಲ್ಲಿ ನಡೆಯುತ್ತಿತ್ತು. ಅಲ್ಲಿ ಪರೀಕ್ಷೆಯ ಆಯಿಲನ್ನು ಒಂದು 15ಡಬ್ಲ್ಯು-40 ಆಯಿಲಿನ ಜೊತೆ ಹೋಲಿಸುತ್ತಿದ್ದರು. ನಮ್ಮ ಮಾಸ್ತರರ ಗಾಡಿಗೆ ಬಿದ್ದದ್ದೂ ಅದೇ ಗ್ರೇಡ್ ಎಂಬುದು ಲೆಕ್ಕಕ್ಕೆ ಅನುಕೂಲ. ಆ ಹೋಲಿಕೆಯಲ್ಲಿ ಸಿ3 ವರ್ಗದ 30ರ ಆಯಿಲ್ ಕನಿಷ್ಠ 1% ಉಳಿಸಬೇಕು, ಸಿ2 ಕನಿಷ್ಠ 2.5%, ಸಿ5 ಕನಿಷ್ಠ 3%. ಎಚ್‌ಟಿಎಚ್‌ಎಸ್ 3.5ರಿಂದ 2.6ಕ್ಕೆ ಇಳಿಯುವ ಇಡೀ ಏಣಿಯ ಉದ್ದ ಎಷ್ಟೆಂದು ಇಲ್ಲೇ ಕಾಣುತ್ತದೆ. ಘರ್ಷಣೆ ತಗ್ಗಿಸುವ ಫ್ರಿಕ್ಷನ್ ಮಾಡಿಫೈಯರ್ ಎಂಬ ಸೇರಿಕೆಯ ಪಾಲೂ ಇದರ ಒಳಗೇ ಬಂತು.

ಹಾಗಾದರೆ 15ಡಬ್ಲ್ಯು-40 ಹಾಕಿದ್ದಕ್ಕೆ 3ರಿಂದ 4% ಖರ್ಚು ಹೆಚ್ಚಾಗಿದೆ ಎಂದರೆ ನಂಬಬಹುದು. ಮಾಸ್ತರರ ಓಟ 6 ಕಿ.ಮೀ.ಯ ತುಂಡುತುಂಡು ಓಟವಾದ್ದರಿಂದ ಇನ್ನಷ್ಟು ಸೇರಿಸಬೇಕಾಗಬಹುದು. ಅಷ್ಟು ದೂರದಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ತಣ್ಣಗಿರುವಾಗ ವ್ಯತ್ಯಾಸ ಬಹಳ ದೊಡ್ಡದು: 40 ಡಿಗ್ರಿಯಲ್ಲಿ ಸಾಮಾನ್ಯ 15ಡಬ್ಲ್ಯು-40 ಆಯಿಲಿನ ಸ್ನಿಗ್ಧತೆ 100 ಸೆಂಟಿಸ್ಟೋಕ್ಸಿನ ಮೇಲಿರುತ್ತದೆ, 0ಡಬ್ಲ್ಯು-20ರದ್ದು ಅದರ ಅರ್ಧಕ್ಕೂ ಕೆಳಗೆ. ‘0ಡಬ್ಲ್ಯು ಹಿಮ ಬೀಳುವ ಊರಿಗೆ, ನಮಗೆ ಯಾಕೆ’ ಎನ್ನುವವರು ಈ ಅಂಕಿಯನ್ನು ನೋಡಬೇಕು. ಬೆಳಗ್ಗೆ ಏಳಕ್ಕೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಗಾಡಿಗೆ ತಣ್ಣಗಿನ ದಪ್ಪವೇ ಹೆಚ್ಚು ತಿನ್ನುತ್ತದೆ.

ಧಾರಾಳವಾಗಿ 5% ಎಂದು ಹಿಡಿದರೂ 13%ರಲ್ಲಿ 8% ಬಾಕಿ ಉಳಿಯಿತು. ಅದಕ್ಕೆ ಬೇರೆ ಕಾರಣ ಬೇಕು. ಮೈಲೇಜ್ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದಾಗ ಆಯಿಲ್ ಒಂದನ್ನೇ ದೂರಿ ಕೈ ತೊಳೆದುಕೊಂಡರೆ ನಿಜವಾದ ದೋಷ ಗಾಡಿಯಲ್ಲೇ ಕುಳಿತಿರುತ್ತದೆ.

ಅಳತೆಯೇ ಸರಿ ಇದೆಯೇ

ಬಾಕಿ ಹುಡುಕುವ ಮೊದಲು 16.4 ಎಂಬುದು ನಿಜವೇ ಎಂದು ಖಾತ್ರಿಯಾಗಬೇಕು. ಡ್ಯಾಶ್‌ಬೋರ್ಡಿನ ಮೀಟರನ್ನು ಬಿಡಿ. ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆಯುವಾಗ ಗಡಿಯ ಊರುಗಳಲ್ಲಿ ಒಂದು ವಿಶೇಷ ತೊಂದರೆ ಉಂಟು. ಕರ್ನಾಟಕದ ಬದಿಯಲ್ಲಿ ಪೆಟ್ರೋಲ್ ಅಗ್ಗವೆಂದು ಒಮ್ಮೆ ತಲಪಾಡಿ ದಾಟಿದ ಬಂಕ್, ಅವಸರವಾದಾಗ ಕುಂಬಳೆಯ ಬಂಕ್. ಪ್ರತಿ ನಾಝಲ್ ತನ್ನದೇ ಮಟ್ಟದಲ್ಲಿ ಕಟ್ ಆಗುತ್ತದೆ, ನೆಲದ ಇಳಿಜಾರು ಬೇರೆ. ಎರಡು ತುದಿಗಳಲ್ಲಿ ಅರ್ಧರ್ಧ ಲೀಟರ್ ಹೆಚ್ಚುಕಡಿಮೆಯಾದರೆ 28 ಲೀಟರಿನ ಒಂದು ಟ್ಯಾಂಕಿನಲ್ಲಿ 3.6% ತಪ್ಪು ಬಂತು. ಡಬ್ಬದ ಮೇಲಿನ ಉಳಿತಾಯಕ್ಕಿಂತ ಅದೇ ದೊಡ್ಡದು! ‘ಹೊಸ ಆಯಿಲ್ ಹಾಕಿದ ಮೊದಲ ಟ್ಯಾಂಕಿಗೇ ಗೊತ್ತಾಯಿತು’ ಎಂಬ ಮಾತನ್ನೂ, ‘ಏನೂ ಆಗಲಿಲ್ಲ’ ಎಂಬ ಮಾತನ್ನೂ ಆದ್ದರಿಂದ ತೂಗಿ ಸ್ವೀಕರಿಸಬೇಕು.

ಕ್ರಮ ಹೀಗೆ. ಒಂದೇ ಬಂಕ್, ಒಂದೇ ಪಂಪ್, ಮೊದಲ ಕಟ್ಟಿಗೇ ನಿಲ್ಲಿಸುವುದು, ರೌಂಡ್ ಫಿಗರ್ ಮಾಡಲು ಮೇಲೆ ತುಂಬಿಸದಿರುವುದು. ಮೂರು ಟ್ಯಾಂಕ್ ಕೂಡಿಸಿ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿ. 84 ಲೀಟರಿನಲ್ಲಿ ಅದೇ ಒಂದು ಲೀಟರಿನ ತಪ್ಪು 1.2%ಕ್ಕೆ ಇಳಿಯುತ್ತದೆ. ಹಳೆಯ 18.5 ಯಾವ ಕಾಲದ್ದು ಎಂದೂ ಕೇಳಿ. ಅದು ಪೆಟ್ರೋಲಿನಲ್ಲಿ 10% ಎಥನಾಲ್ ಇದ್ದ ಕಾಲದ ಅಂಕಿಯಾಗಿದ್ದು ಈಗ ತುಂಬಿಸುವುದು 20%ದ್ದಾದರೆ, ಲೀಟರಿನ ಶಕ್ತಿಯೇ 3–4% ಕಡಿಮೆ. ಆ ಇಳಿಕೆಯನ್ನು ಆಯಿಲಿನ ಲೆಕ್ಕಕ್ಕೆ ಬರೆಯಬಾರದು. ನಮ್ಮ ಉದಾಹರಣೆಯಲ್ಲಿ ಎರಡೂ ಅಂಕಿ ಒಂದೇ ಬಗೆಯ ಪೆಟ್ರೋಲಿನವು, ಮೂರು ಟ್ಯಾಂಕಿನ ಸರಾಸರಿ ಎಂದು ಇಟ್ಟುಕೊಳ್ಳೋಣ.

ಬಾಕಿ 8% ಎಲ್ಲಿ ಹೋಯಿತು

ಸರ್ವಿಸ್ ಆದ ಕೂಡಲೇ ಇಳಿದಿದೆಯಾದ್ದರಿಂದ ಸರ್ವಿಸಿನಲ್ಲಿ ಕೈ ಬಿದ್ದ ಜಾಗಗಳಿಂದಲೇ ಆರಂಭಿಸುವುದು ಸರಿ.

ಡಿಪ್‌ಸ್ಟಿಕ್ ತೆಗೆಯಿರಿ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಇಂಜಿನ್ ಆಫ್ ಮಾಡಿ ಐದು ನಿಮಿಷವಾದರೂ ಆಗಿರಬೇಕು. ಒರೆಸಿ, ಮತ್ತೆ ಹಾಕಿ, ತೆಗೆದು ಓದಿ. ಈ ಕಾರಿಗೆ ಫಿಲ್ಟರ್ ಸೇರಿ 3.1 ಲೀಟರ್ ಸಾಕು. ಗ್ಯಾರೇಜಿಗೆ ಬರುವ ಡಬ್ಬ ಮೂರೂವರೆ ಲೀಟರಿನದು. ಉಳಿದದ್ದನ್ನು ಇಟ್ಟುಕೊಳ್ಳುವುದು ಯಾಕೆಂದು ಪೂರ್ತಿ ಸುರಿಯುತ್ತಾರೆ. ಹಳೆಯದು ಪೂರ್ತಿ ಬಸಿಯದೆ ಕಾಲು ಲೀಟರ್ ಒಳಗೆ ಉಳಿದಿದ್ದರೆ ಅರ್ಧ ಲೀಟರಿಗೂ ಹೆಚ್ಚು ಮೇಲಾಯಿತು. ಗೆರೆಗಿಂತ ಮೇಲಿದ್ದರೆ ಕ್ರ್ಯಾಂಕ್ ಆಯಿಲನ್ನು ಬಡಿಯುತ್ತಾ ಓಡುವ ಸಂಭವ ಇದೆ. ಖರ್ಚು ಹೆಚ್ಚುವುದಷ್ಟೇ ಅಲ್ಲ, ಆಯಿಲಿಗೆ ಗಾಳಿ ಸೇರಿ ನೊರೆಯಾಗುತ್ತದೆ, ನೊರೆಯ ಆಯಿಲ್ ಬೇರಿಂಗಿಗೆ ಒಳ್ಳೆಯದಲ್ಲ. ಡಿಪ್‌ಸ್ಟಿಕ್ ನಳಿಗೆಯಿಂದ ಸಪುರ ಪೈಪ್ ಇಳಿಸಿ ಸಿರಿಂಜಿನಲ್ಲಿ ಹೆಚ್ಚಾದದ್ದನ್ನು ಎಳೆದು ತೆಗೆಯಬಹುದು. ಇಲ್ಲಿ ಅರ್ಧ ಲೀಟರಿನಷ್ಟು ಹೊರಬಂತು.

ಟೈರ್ ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗ ನೋಡಿ. 33 ಪಿಎಸ್‌ಐ ಇರಬೇಕಾದಲ್ಲಿ ನಾಲ್ಕೂ ಚಕ್ರಗಳಲ್ಲಿ 26. ‘ರೈಡ್ ಸಾಫ್ಟ್ ಆಗಲಿ’ ಎಂದು ಸರ್ವಿಸಿನಲ್ಲಿ ಇಳಿಸಿ ಕೊಡುವ ಅಭ್ಯಾಸ ಕೆಲವೆಡೆ ಉಂಟು.

ಬ್ರೇಕ್ ಹಿಡಿದುಕೊಂಡಿದೆಯೇ ಎಂದು ತಿಳಿಯಲು ಹತ್ತು ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಒತ್ತದೆ ಬಂದು ನಿಲ್ಲಿಸಿ, ನಾಲ್ಕೂ ಚಕ್ರದ ಹಬ್ಬಿಗೆ ಇನ್‌ಫ್ರಾರೆಡ್ ಗನ್ ಹಿಡಿಯಿರಿ. ಮುಂದಿನ ಎರಡನ್ನು ಒಂದಕ್ಕೊಂದು, ಹಿಂದಿನ ಎರಡನ್ನು ಒಂದಕ್ಕೊಂದು ಹೋಲಿಸಬೇಕು. ಜೋಡಿಯಲ್ಲಿ ಒಂದು 30–40 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಅಲ್ಲಿ ಕ್ಯಾಲಿಪರ್ ಪಿನ್ನೋ ಹ್ಯಾಂಡ್‌ಬ್ರೇಕ್ ಕೇಬಲ್ಲೋ ಸಿಕ್ಕಿಕೊಂಡಿದೆ. ಈ ಗಾಡಿಯಲ್ಲಿ ನಾಲ್ಕೂ ಸರಿಯಿದ್ದವು.

ಉಳಿದದ್ದು ಥರ್ಮೋಸ್ಟಾಟ್. ಕರಾವಳಿಯ ಸೆಕೆಯಲ್ಲಿ ಇದು ತೆರೆದೇ ಉಳಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹೀಟರ್ ಹಾಕುವವರಿಲ್ಲ, ಮೀಟರಿನ ಮುಳ್ಳು ಮೇಲೇರದಿದ್ದರೆ ಖುಷಿಯೇ ಹೊರತು ಸಂಶಯವಿಲ್ಲ. ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ರೀಡರ್ ಚುಚ್ಚಿ ಮೊಬೈಲಿನಲ್ಲಿ ಈ ಎರಡು ಅಂಕಿ ನೋಡಿ:

```
Engine Coolant Temperature
Long Term Fuel Trim Bank 1
```

ಕುಂಬಳೆಯಿಂದ ಕಾಸರಗೋಡಿನ ಕಡೆಗೆ ಹೈವೇಯಲ್ಲಿ 80ರ ವೇಗದಲ್ಲಿ ಹೋಗುವಾಗ ಕೂಲೆಂಟ್ 72ಕ್ಕೆ ಇಳಿಯಿತು. ಪೇಟೆಯೊಳಗೆ ನಿಧಾನಕ್ಕೆ ಬಂದಾಗ 85ಕ್ಕೆ ಏರಿತು. ಸರಿ ಇರುವ ಥರ್ಮೋಸ್ಟಾಟಿನಲ್ಲಿ ಹೈವೇಯ ಗಾಳಿಗೆ ಹೀಗೆ ಬೀಳಬಾರದು. ತೆರೆಯುವ ಬಿಸಿ 82 ಎಂದು ಅದರ ಮೇಲೆಯೇ ಅಚ್ಚಾಗಿದ್ದರೆ, 82ರ ಕೆಳಗೆ ರೇಡಿಯೇಟರಿಗೆ ನೀರು ಹೋಗುವ ದಾರಿ ಮುಚ್ಚಿರಬೇಕು. ಇಂಜಿನ್ ತಣ್ಣಗೇ ಓಡಿದರೆ ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಪೆಟ್ರೋಲನ್ನು ಹೆಚ್ಚು ಕಾಲ ದಟ್ಟವಾಗಿ ಕೊಡಬಹುದು, ಆಯಿಲೂ ದಪ್ಪವಾಗಿಯೇ ಉಳಿಯುತ್ತದೆ. ಮೊದಲೇ ದಪ್ಪದ ಆಯಿಲ್, ಮೇಲಿನಿಂದ ತಣ್ಣಗಿನ ಇಂಜಿನ್: ಒಂದು ದೋಷ ಇನ್ನೊಂದನ್ನು ಬೆಳೆಸುವುದು ಹೀಗೆ. ಕೆಲವು ಗಾಡಿಗಳಲ್ಲಿ `P0128` ಎಂಬ ದೋಷದ ಕೋಡ್ ಬರುತ್ತದೆ, ಗಡಿಯಂಚಿನಲ್ಲಿದ್ದರೆ ಬರುವುದಿಲ್ಲ. ಥರ್ಮೋಸ್ಟಾಟ್ ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಸಿ ಕಾಯಿಸಿದರೆ ಸಂಶಯ ಪರಿಹಾರ. ತಣ್ಣೀರಿನಲ್ಲೇ ಬಾಯಿ ಬಿಟ್ಟಿದ್ದರೆ ಬದಲಿಸಿ.

ಫ್ಯೂಯೆಲ್ ಟ್ರಿಮ್ ಎಂದರೆ ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಮಾಡುವ ಶೇಕಡಾವಾರು ತಿದ್ದುಪಡಿ. ಅದು ಸೊನ್ನೆಯ ಆಚೀಚೆ ಐದರೊಳಗಿದ್ದರೆ ಸೆನ್ಸರುಗಳ ಬದಿಗೆ ಸದ್ಯಕ್ಕೆ ಹೋಗಬೇಕಾಗಿಲ್ಲ. ರೀಡರ್ ಹಾಕಿದಾಗಲೇ `P0011` ಅಥವಾ `P0014` ಇದೆಯೇ ಎಂದು ನೋಡಿಬಿಡಿ. ಕ್ಯಾಮ್ ಟೈಮಿಂಗನ್ನು ಆಯಿಲ್ ಒತ್ತಡದಿಂದಲೇ ತಿರುಗಿಸುವ ಇಂಜಿನುಗಳಲ್ಲಿ ತೀರ ದಪ್ಪದ ಆಯಿಲ್ ಹಾಕಿದರೆ ಕ್ಯಾಮ್ ತಡವಾಗಿ ಸ್ಪಂದಿಸುತ್ತದೆ, ಈ ಕೋಡುಗಳು ಬರಬಹುದು. ಆಯಿಲ್ ಸರಿಪಡಿಸದೆ ಕಂಟ್ರೋಲ್ ವಾಲ್ವ್ ಬದಲಿಸಿದರೆ ದುಡ್ಡು ದಂಡ.

ಬಿಡಿಬಿಡಿಯಾಗಿ ಸರಿಪಡಿಸುವುದು

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಎಷ್ಟು ತಿನ್ನುತ್ತಿತ್ತು ಎಂದು ಎಂದಿಗೂ ಗೊತ್ತಾಗುವುದಿಲ್ಲ. ಹೆಚ್ಚಾದ ಆಯಿಲ್ ತೆಗೆದು, ಗಾಳಿ ಸರಿಮಾಡಿ, ಥರ್ಮೋಸ್ಟಾಟ್ ಹಾಕಿ, ಅದೇ 15ಡಬ್ಲ್ಯು-40ರಲ್ಲೇ ಮೂರು ಟ್ಯಾಂಕ್ ಓಡಿಸಿದಾಗ ಸಿಕ್ಕಿದ್ದು 17.8. ಅಂದರೆ ನೂರಕ್ಕೆ 5.62 ಲೀಟರ್, ಖರ್ಚು 8% ಇಳಿಯಿತು. ಆಮೇಲೆ ಫಿಲ್ಟರ್ ಸಮೇತ ಆಯಿಲನ್ನು ಬಿಸಿಬಿಸಿ ಇರುವಾಗಲೇ ಬಸಿದು, ಕೈಪಿಡಿಯ 0ಡಬ್ಲ್ಯು-20ನ್ನು 3.1 ಲೀಟರ್ ಅಳೆದು ಹಾಕಿ ಮತ್ತೆ ಮೂರು ಟ್ಯಾಂಕ್. ಈಗ 18.3, ಅಂದರೆ 5.46 ಲೀಟರ್. ಆಯಿಲಿನಿಂದ ಬಂದದ್ದು 2.7%. ಹಳೆಯ 18.5ಕ್ಕೂ ಇದಕ್ಕೂ ಉಳಿದ ಒಂದು ಶೇಕಡಾ ಅಳತೆಯ ತಪ್ಪಿನೊಳಗೆ ಸೇರುತ್ತದೆ, ಅದರ ಬೆನ್ನು ಹತ್ತಬಾರದು.

ವರ್ಷಕ್ಕೆ 10,000 ಕಿ.ಮೀ. ಓಡುವ ಗಾಡಿಗೆ ಆ 2.7% ಎಂದರೆ ಸುಮಾರು 15 ಲೀಟರ್ ಪೆಟ್ರೋಲ್. ಸಿಂಥೆಟಿಕ್ ಆಯಿಲಿಗೆ ಕೊಡುವ ಹೆಚ್ಚಿನ ದುಡ್ಡು ಇದರಿಂದ ಹುಟ್ಟುವುದೋ ಇಲ್ಲವೋ ಎಂದು ಅಂಗಡಿಯ ಬೆಲೆ ನೋಡಿ ನೀವೇ ಹೇಳಬಹುದು. ಕೈಪಿಡಿಯ ಗ್ರೇಡ್ ಹಾಕಬೇಕಾದದ್ದು ಉಳಿತಾಯಕ್ಕಿಂತ ಹೆಚ್ಚಾಗಿ, ಇಂಜಿನಿನ ಆಯಿಲ್ ಪಂಪ್, ಬೇರಿಂಗ್ ಸಂದು ಮತ್ತು ಕ್ಯಾಮ್ ಟೈಮಿಂಗನ್ನು ಆ ಸ್ನಿಗ್ಧತೆಗೇ ಹೊಂದಿಸಿರುವುದರಿಂದ.

‘3% ಉಳಿತಾಯ’ ಯಾವುದಕ್ಕಿಂತ?

ಎರಡನೆಯ ದೂರಿಗೆ ಉತ್ತರ ಈ ಪ್ರಶ್ನೆಯಲ್ಲೇ ಇದೆ. ಡಬ್ಬದ ಶೇಕಡಾ ಎಂದರೆ ಪರೀಕ್ಷೆಯ ಹೋಲಿಕೆ ಆಯಿಲಿಗಿಂತ ಎಷ್ಟು ಉಳಿತಾಯ ಎಂದು. ಯುರೋಪಿನ ಪರೀಕ್ಷೆಯಲ್ಲಿ ಹೋಲಿಕೆ 15ಡಬ್ಲ್ಯು-40. ಅಮೆರಿಕ ಮತ್ತು ಜಪಾನಿನ ವಾಹನ ತಯಾರಕರ ಐಎಲ್‌ಎಸ್‌ಎಸಿ ಜಿಎಫ್-6 ಮಾನಕದ ಸೀಕ್ವೆನ್ಸ್ 6ಇ ಪರೀಕ್ಷೆಯಲ್ಲಿ ಹೋಲಿಕೆ ಒಂದು 20ಡಬ್ಲ್ಯು-30. ನಿಮ್ಮ ಗಾಡಿಯಲ್ಲಿ ಮೊದಲೇ 2.9ರ 5ಡಬ್ಲ್ಯು-30 ಇದ್ದು ಈಗ 2.6ರ 5ಡಬ್ಲ್ಯು-20 ಹಾಕಿದರೆ ಆ 3%ರ ಬಹುಪಾಲನ್ನು ನೀವು ಆಗಲೇ ಪಡೆದಾಗಿದೆ. ಉಳಿದದ್ದು ಅರ್ಧವೋ ಒಂದೋ ಶೇಕಡಾ. ಬಂಕಿನ ನಾಝಲಿನಲ್ಲಿ ಅದು ಕಾಣುವುದಿಲ್ಲ. ಆಯಿಲ್ ಮಾಡಿದವರು ಸುಳ್ಳು ಹೇಳಿದರು ಎಂದೂ ಇದರರ್ಥವಲ್ಲ.

ಕಾರು ಕಂಪನಿಗಳು ಹೇಳುವ ಮೈಲೇಜಿಗೂ ಇದೇ ಮಾತು. ನಮ್ಮ ದೇಶದ ಎಮ್‌ಐಡಿಸಿ ಪರೀಕ್ಷೆ ರೋಲರುಗಳ ಮೇಲೆ 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ತುಸು ಕಡಿಮೆ ನಡೆಯುತ್ತದೆ, ಗರಿಷ್ಠ ವೇಗ 90. ಇಂಜಿನ್ ತಣ್ಣಗಿರುವಾಗ ಶುರು, ಎಸಿ ಇಲ್ಲ. ಆ ಹೊತ್ತಿನ ಬಹುಪಾಲು ಆಯಿಲ್ ಪೂರ್ತಿ ಬಿಸಿಯಾಗಿರುವುದಿಲ್ಲವಾದ್ದರಿಂದ ತೆಳು ಆಯಿಲಿನ ಲಾಭ ಅಲ್ಲಿ ಚೆನ್ನಾಗಿ ತೋರುತ್ತದೆ. ಆ ಅಂಕಿಯನ್ನು ಯಾವ ಆಯಿಲಿನಲ್ಲಿ ಪಡೆದರೋ ಅದಕ್ಕಿಂತ ದಪ್ಪದ್ದು ಹಾಕಿ ಅದೇ ಮೈಲೇಜ್ ಕೇಳುವುದು ನ್ಯಾಯವಲ್ಲ.

ತಿರುಗಿದ ದೋಷ: ಬೇಕಾದ್ದಕ್ಕಿಂತ ತೆಳು

ಮೈಲೇಜ್ ಆಸೆಗೆ ಎದುರು ದಿಕ್ಕಿನಲ್ಲಿ ತಪ್ಪುವವರೂ ಇದ್ದಾರೆ. ಬಂದಡ್ಕ, ಪಾಣತ್ತೂರಿನ ಏರುಗಳಲ್ಲಿ ಜನ ತುಂಬಿಕೊಂಡು ಎರಡನೇ ಗೇರಿನಲ್ಲಿ ಹತ್ತುವ ಡೀಸೆಲ್ ಜೀಪಿಗೆ 3.5 ಅಥವಾ 3.7 ಕೇಳುವ ಇಂಜಿನ್ ಇರುತ್ತದೆ. ಅದಕ್ಕೆ 2.9ರ 5ಡಬ್ಲ್ಯು-30 ಹಾಕಿದರೆ ಮೊದಲ ಲಕ್ಷಣ ಏರು ಹತ್ತಿ ನಿಂತ ಕೂಡಲೇ ಕಾಣುತ್ತದೆ: ಐಡ್ಲಿಂಗಿನಲ್ಲಿ ಆಯಿಲ್ ದೀಪ ಮಿಣಮಿಣ ಎನ್ನುತ್ತದೆ, ಆಕ್ಸಿಲರೇಟರ್ ಮುಟ್ಟಿದರೆ ಆರುತ್ತದೆ. ಆ ದೀಪದ ಸ್ವಿಚ್ ಸಾಮಾನ್ಯವಾಗಿ 0.3–0.5 ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ದೀಪ ಬರುವ ಹೊತ್ತಿಗೆ ಒತ್ತಡ ಆಗಲೇ ತೀರ ಕೆಳಗಿದೆ.

ಸ್ವಿಚ್ಚನ್ನೇ ದೂರುವ ಮೊದಲು ಅದನ್ನು ಬಿಚ್ಚಿ, ಸರಿಯಾದ ತ್ರೆಡ್ಡಿನ ಅಡಾಪ್ಟರಿನಲ್ಲಿ ಮೆಕ್ಯಾನಿಕಲ್ ಗೇಜ್ ಕೂರಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿಯೂ 2000 ಆರ್‌ಪಿಎಮ್‌ನಲ್ಲಿಯೂ ಓದಿ ವರ್ಕ್‌ಶಾಪ್ ಮ್ಯಾನ್ಯುಯಲಿನ ಅಂಕಿಗೆ ಹೋಲಿಸಿ. ಕಡಿಮೆ ಇದ್ದರೆ ಸರಿಯಾದ ಗ್ರೇಡ್ ಹಾಕಿ ಅದೇ ಬಿಸಿಯಲ್ಲಿ ಮತ್ತೊಮ್ಮೆ ಓದಿ. ಆಗ ಸರಿಹೋದರೆ ದೋಷ ಆಯಿಲಿನದು. ಆಗಲೂ ಕೆಳಗೇ ಇದ್ದರೆ ಬೇರಿಂಗ್ ಸವೆದಿದೆ ಅಥವಾ ಪಂಪ್ ಸೋತಿದೆ. ಅದನ್ನು ಮುಚ್ಚಲು ಇನ್ನೂ ದಪ್ಪದ ಆಯಿಲ್ ಸುರಿಯುವುದು ಗೇಜಿನ ಮುಳ್ಳನ್ನು ಮೇಲೇರಿಸುತ್ತದೆ, ಸವೆತವನ್ನು ತುಂಬುವುದಿಲ್ಲ. ಗೇಜ್ ತೋರಿಸುವುದು ಆಯಿಲ್ ದಾರಿಯ ಒತ್ತಡವನ್ನು ಮಾತ್ರ, ಜರ್ನಲಿನ ಅಡಿಯ ಪದರ ಎಷ್ಟು ಮೈಕ್ರಾನಿದೆ ಎಂದು ಅದು ಹೇಳಲಾರದು. ಒತ್ತಡ ಸರಿ ಇದೆಯೆಂದ ಮಾತ್ರಕ್ಕೆ ಮ್ಯಾನ್ಯುಯಲ್ ಕೇಳಿದ 3.5ಕ್ಕಿಂತ ಕೆಳಗಿಳಿಯಲು ಅನುಮತಿ ಸಿಕ್ಕಂತಲ್ಲ.

ಸರಿಯಾದ ಆಯಿಲೂ ಓಡುತ್ತಾ ಓಡುತ್ತಾ ತೆಳುವಾಗುವ ಸಂದರ್ಭ ಒಂದಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಗಾಡಿಗಳು ಆ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಸುಡುವ ಕೆಲಸ ಅರ್ಧಕ್ಕೇ ನಿಂತು ಗಾಡಿ ಆಫ್ ಆಗುತ್ತಿದ್ದರೆ ಆ ಡೀಸೆಲಿನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಆಯಿಲಿಗೆ ಇಳಿಯುತ್ತದೆ. ಗುರುತು ಸುಲಭ: ಆಯಿಲ್ ಹಾಕದೆಯೇ ಡಿಪ್‌ಸ್ಟಿಕ್ಕಿನ ಮಟ್ಟ ವಾರದಿಂದ ವಾರಕ್ಕೆ ಏರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಡಬ್ಬದ ಮೇಲಿನ ಎಚ್‌ಟಿಎಚ್‌ಎಸ್ ಅಂಕಿ ಆ ಆಯಿಲಿಗೆ ಇನ್ನು ಅನ್ವಯಿಸುವುದಿಲ್ಲ. ಸರ್ವಿಸಿನ ಕಿ.ಮೀ. ಬಾಕಿ ಇದ್ದರೂ ಬದಲಿಸಬೇಕು, ಮತ್ತು ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಬೇಕು.

ಕಾರಿಗೆ ಹಾಕಿ ಉಳಿದ ಅರ್ಧ ಲೀಟರ್ 0ಡಬ್ಲ್ಯು-20ನ್ನು ಮನೆಯ ಬೈಕಿಗೆ ಹಾಕಿಬಿಡೋಣ ಎನ್ನುವವರಿಗೆ ಒಂದು ಮಾತು. ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಇಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಬೈಕಿನ ಆಯಿಲಿಗಿರುವ ಜಪಾನಿನ ಜಾಸೊ ಮಾನಕ ಎಚ್‌ಟಿಎಚ್‌ಎಸ್ ಕನಿಷ್ಠ 2.9 ಇರಬೇಕೆನ್ನುತ್ತದೆ, ಕಾರಿನ ಆಯಿಲಿನ ಫ್ರಿಕ್ಷನ್ ಮಾಡಿಫೈಯರಿಗೆ ಕ್ಲಚ್ ಜಾರುವುದೂ ಉಂಟು. ಬೈಕಿಗೆ ಎಮ್‌ಎ ಅಥವಾ ಎಮ್‌ಎ2 ಎಂದು ಅಚ್ಚಾಗಿರುವ ಡಬ್ಬವನ್ನೇ ತನ್ನಿ. ಕಾರಿನ ಉಳಿಕೆಯನ್ನು ಬಿಗಿಯಾಗಿ ಮುಚ್ಚಿ ಟಾಪ್-ಅಪ್‌ಗೆ ಇಟ್ಟುಕೊಳ್ಳಿ.